ಬೋರಿನ ನೀರು, ಅಪ್ಪನ ಬಿಳಿ ಪಂಚೆ

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಎಂಟು ಬಿಳಿ ಪಂಚೆಗಳನ್ನ ನಾನು ಅರ್ಧ ಗಂಟೆಯಲ್ಲಿ ಹಾಳು ಮಾಡಿದೆ. ಒಳ್ಳೇದು ಮಾಡೋಕೆ ಹೋಗಿ ಮಾಡಿದ್ದು, ಬೇಜಾರೂ ಅದಕ್ಕೇ.

ಅಪ್ಪ ರಿಟೈರ್ಡ್ ಮೇಷ್ಟ್ರು. ಮನೆಯಲ್ಲಿ ಹೇಗಾದರೂ ಇರ್ತಾರೆ, ಆದರೆ ಗೇಟು ದಾಟಬೇಕಾದರೆ ಬಿಳಿ ಪಂಚೆ, ಬಿಳಿ ಶರ್ಟೇ ಆಗಬೇಕು. ಆ ಪಂಚೆಗಳು ಎರಡು ಮೂರು ವರ್ಷದಿಂದ ನಿಧಾನಕ್ಕೆ ಹಳದಿಯಾಗ್ತಾ ಬಂದಿದ್ದವು. ಹಬ್ಬದ ಹಿಂದಿನ ದಿನ ನಾನು ಪೇಟೆಯಿಂದ ಒಂದು ಬಾಟಲಿ ಬ್ಲೀಚ್ ತಂದೆ. ದೊಡ್ಡ ಬಕೆಟ್ಟಿಗೆ ಬೋರಿನ ನೀರು ತುಂಬಿಸಿ, ಎರಡು ಮುಚ್ಚಳ ಬ್ಲೀಚ್ ಹಾಕಿ, ಎಂಟೂ ಪಂಚೆ ಮುಳುಗಿಸಿದೆ. ಕಾಫಿ ಕುಡಿದು ಬಂದು ನೋಡ್ತೀನಿ, ಬಕೆಟ್ಟಿನ ನೀರು ಚಹಾದ ಬಣ್ಣಕ್ಕೆ ತಿರುಗಿದೆ. ಮುಳುಗಿಸುವಾಗ ಕನ್ನಡಿ ಹಾಗಿತ್ತು ಆ ನೀರು! ಪಂಚೆ ಎತ್ತಿದರೆ ಹಳದಿ ಹೋಗೋದಿರಲಿ, ಮಡಿಕೆ ಮಡಿಕೆಯಲ್ಲೂ ಇಟ್ಟಿಗೆ ಬಣ್ಣದ ಗೆರೆ.

ಅಪ್ಪ ಏನೂ ಅನ್ನಲಿಲ್ಲ. ಹಬ್ಬಕ್ಕೆ ಹಳೇ ರೇಷ್ಮೆ ಪಂಚೆ ಉಟ್ಟರು, ಅಷ್ಟೇ. ಅಮ್ಮ ಮಾತ್ರ, “ಎಂತ ಮಾಡೋದು ಮಾರಾಯ್ತಿ, ಈ ಬೋರಿನ ನೀರಿನ ಹಣೆಬರಹವೇ ಇಷ್ಟು” ಅಂದಳು.

ನಮ್ಮನೆ ಇರೋದು ಸಾಗರದ ಹತ್ತಿರದ ಹಳ್ಳಿಯಲ್ಲಿ. ಹಿತ್ತಲಲ್ಲಿ ಅಜ್ಜನ ಕಾಲದ ಬಾವಿ ಇದೆ. ಅದರ ನೀರಲ್ಲಿ ನಮ್ಮ ಶಾಲೆಯ ಯೂನಿಫಾರ್ಮು, ಅಜ್ಜನ ಪಂಚೆ, ದೇವರ ಮನೆಯ ಬಟ್ಟೆ ಎಲ್ಲಾ ಬೆಳ್ಳಗೇ ಇರ್ತಿದ್ದವು. ಆದರೆ ಮಾರ್ಚ್ ಬಂದರೆ ಬಾವಿ ತಳ ಕಾಣ್ತಿತ್ತು. ಅದಕ್ಕೇ 2019ರಲ್ಲಿ ಬೋರ್ ಕೊರೆಸಿದ್ದು. 280 ಅಡಿಗೆ ಒಳ್ಳೇ ನೀರು ಸಿಕ್ಕಿತು. ಕೊಟ್ಟಿಗೆಗೆ, ಬಚ್ಚಲಿಗೆ, ಬಟ್ಟೆಗೆ ಎಲ್ಲಾ ಬೋರಿನ ನೀರೇ ಆಯಿತು. ಕುಡಿಯೋಕೆ, ಅಡಿಗೆಗೆ ಮಾತ್ರ ಈಗಲೂ ಬಾವಿಯದ್ದು.

ಆರು ತಿಂಗಳಿಗೆ ಬಚ್ಚಲ ಟೈಲ್ಸ್ ಮೇಲೆ ನಲ್ಲಿಯ ಕೆಳಗೆ ಕಂದು ನಾಮ ಕಾಣಿಸಿತು. ಆಮೇಲೆ ಬಕೆಟ್ಟು, ಚೊಂಬು, ಕಮೋಡಿನ ಒಳಗೆ, ಕೊನೆಗೆ ಬಟ್ಟೆ. ಅಮ್ಮನಿಗೆ ಇದು ಬರೀ ಕಲೆಯಾಗಿರಲಿಲ್ಲ, ಮರ್ಯಾದೆಯ ಪ್ರಶ್ನೆ. ಯಾರಾದರೂ ನೆಂಟರು ಕೈಕಾಲು ತೊಳೆಯೋಕೆ ಬಚ್ಚಲಿಗೆ ಹೋದರೆ, “ಅದು ಕೊಳೆ ಅಲ್ಲ, ಬೋರಿನ ನೀರಿಂದು” ಅಂತ ಹಿಂದಿನಿಂದ ಕೂಗಿ ಹೇಳ್ತಿದ್ದಳು. ಯಾರಾದರೂ ಬರ್ತಾರೆ ಅಂದರೆ ಹಿಂದಿನ ದಿನವೇ ಅಂಗಡಿಯ ಆಸಿಡ್ ಸುರಿದು, ಬಾಗಿಲು ಹಾಕಿಕೊಂಡು ಉಜ್ಜೋಳು. ಮನೆಯೊಳಗೆ ವಾಸನೆ ಬರಬಾರದು ಅಂತ ಬಾಗಿಲು ಹಾಕೋದು! ಆ ದೀಪಾವಳಿಗೂ ಹಾಗೇ ಮಾಡಿದ್ದಳು. ರಾತ್ರಿ ಇಡೀ ಕೆಮ್ಮಿದಳು. ಮೊದಲೇ ಉಬ್ಬಸ ಇರೋ ಜೀವ, ಇನ್ಹೇಲರ್ ತಲೆದಿಂಬಿನ ಪಕ್ಕದಲ್ಲೇ ಇರುತ್ತೆ. ಬೆಳಗಿನ ಜಾವ ಮೂರು ಗಂಟೆಗೆ ಅವಳ ಬೆನ್ನು ನೀವುತ್ತಾ ಕೂತಾಗ ನನಗೆ ಪಂಚೆ ಮರೆತೇ ಹೋಗಿತ್ತು. ಈ ಕಲೆಗೆ ಏನಾದರೂ ಮಾಡಲೇಬೇಕು ಅನ್ನಿಸಿದ್ದು ಆಗ.

ಹಬ್ಬಕ್ಕೆ ಅಕ್ಕ, ಭಾವ ಬಂದಿದ್ದರು. ಭಾವ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತಾರೆ. ನನ್ನ ಪಂಚೆ ಸಾಹಸ ಕೇಳಿ ನಗು ತಡ್ಕೊಂಡು, “ಬಾ, ಒಂದು ತೋರಿಸ್ತೀನಿ” ಅಂತ ಪಂಪಿನ ಹತ್ತಿರ ಕರ್ಕೊಂಡು ಹೋದರು. ಮೋಟರ್ ಹಾಕಿ ಐದು ನಿಮಿಷ ನೀರು ಹರಿಯೋಕೆ ಬಿಟ್ಟರು. ಆಮೇಲೆ ಎರಡು ಖಾಲಿ ನೀರಿನ ಬಾಟಲಿ ಹಿಡಿದರು. ಒಂದನ್ನ ಕಂಠಪೂರ್ತಿ, ಒಂದು ಗುಳ್ಳೆಯೂ ಉಳಿಯದ ಹಾಗೆ ತುಂಬಿಸಿ ಮುಚ್ಚಳ ಬಿಗಿದರು. ಇನ್ನೊಂದನ್ನ ಅರ್ಧ ಮಾತ್ರ ತುಂಬಿಸಿ, ಚೆನ್ನಾಗಿ ಕುಲುಕಿ, ಮುಚ್ಚಳ ತೆಗೆದಿಟ್ಟರು. ಎರಡರಲ್ಲೂ ನೀರು ತಿಳಿಯಾಗಿತ್ತು. ಸಂಜೆ ನೋಡಿದರೆ ಅರ್ಧ ತುಂಬಿದ ಬಾಟಲಿ ಹಳದಿ ತಿರುಗಿತ್ತು. ಮಾರನೇ ದಿನ ಅದರ ತಳದಲ್ಲಿ ಕಂದು ಗಷ್ಟು ಕೂತಿತ್ತು. ಬಿಗಿದ ಬಾಟಲಿ ಮಾತ್ರ ಹೆಚ್ಚುಕಮ್ಮಿ ಹಾಗೇ ಇತ್ತು.

ವಿಷಯ ಇಷ್ಟೇ. ನಮ್ಮ ಮಲೆನಾಡಿನ ಮಣ್ಣು, ಜಂಬಿಟ್ಟಿಗೆ ಕಲ್ಲು ಕೆಂಪಗಿರೋದೇ ಕಬ್ಬಿಣದಿಂದ. ಆದರೆ ಆ ಕೆಂಪು ಕಬ್ಬಿಣ ಗಾಳಿ ಕಂಡಿರೋ ಕಬ್ಬಿಣ. ಅದು ನೀರಲ್ಲಿ ಕರಗಲ್ಲ. ನೂರಾರು ಅಡಿ ಆಳದಲ್ಲಿ ಗಾಳಿ ಇಲ್ಲ. ಅಲ್ಲಿ ಕಬ್ಬಿಣ ಬೇರೆ ರೂಪದಲ್ಲಿರುತ್ತೆ, ಉಪ್ಪಿನ ಹಾಗೆ ಬಣ್ಣವೇ ಇಲ್ಲದೆ ನೀರಲ್ಲಿ ಕರಗಿ ಕೂತಿರುತ್ತೆ. ಮೇಲೆ ಬಂದು ಗಾಳಿ ತಾಗಿದ ಮೇಲೆ ನಿಧಾನಕ್ಕೆ ತುಕ್ಕಾಗಿ ಹೊರಗೆ ಬೀಳುತ್ತೆ. ಎಲ್ಲಿ ಗಾಳಿ ತಾಗಿತೋ ಅಲ್ಲಿ ಬೀಳುತ್ತೆ: ಟೈಲ್ಸ್ ಮೇಲೆ ಒಣಗೋ ಹನಿಯಲ್ಲಿ, ಬಕೆಟ್ಟಿನ ಗೋಡೆಯಲ್ಲಿ, ನೆನೆಸಿದ ಪಂಚೆಯ ನೂಲಿನೊಳಗೆ. ಬಾವಿಯ ನೀರು ಯಾಕೆ ಕಲೆ ಮಾಡಲಿಲ್ಲ? ಅದು ಮೇಲಿನ ಪದರದ ನೀರು, ಬಾಯಿ ತೆರೆದ ಬಾವಿ, ಗಾಳಿ ಆಡ್ತಾ ಇರುತ್ತೆ. ಇರೋ ಚೂರುಪಾರು ಕಬ್ಬಿಣ ಬಾವಿಯ ತಳದಲ್ಲೇ ಕೂತುಬಿಡುತ್ತೆ.

ನನ್ನ ಬ್ಲೀಚ್ ಮಾಡಿದ್ದೂ ಇದನ್ನೇ. ಗಾಳಿ ಗಂಟೆಗಟ್ಟಲೆ ಮಾಡೋ ಕೆಲಸವನ್ನ ಬ್ಲೀಚ್ ನಿಮಿಷದಲ್ಲಿ ಮುಗಿಸುತ್ತೆ. ಒಂದು ಬಕೆಟ್ ನೀರಲ್ಲಿದ್ದ ಕಬ್ಬಿಣವನ್ನೆಲ್ಲಾ ನಾನೇ ತುಕ್ಕು ಮಾಡಿ ಅಪ್ಪನ ಪಂಚೆಗೆ ಕುಡಿಸಿದ್ದೆ. ಬ್ಲೀಚ್ ಅರಿಶಿನದ ಕಲೆ, ಕಾಫಿ ಕಲೆ ತೆಗೆಯಬಹುದು. ಕಬ್ಬಿಣದ ಕಲೆಯನ್ನ ಮಾತ್ರ ಅದು ಇನ್ನಷ್ಟು ಗಟ್ಟಿ ಮಾಡುತ್ತೆ. ಸೋಪಿನ ಪುಡಿಯೂ ಸ್ವಲ್ಪ ಮಟ್ಟಿಗೆ ಹಾಗೇ. ಅದರಲ್ಲಿ ಸೋಡಾ ಇರುತ್ತೆ, ಸೋಡಾ ಬಿದ್ದ ನೀರಲ್ಲಿ ಕಬ್ಬಿಣ ಬೇಗ ಗಾಳಿ ಹಿಡಿದು ತುಕ್ಕಾಗುತ್ತೆ. ಅಮ್ಮ ಬಿಳಿ ಬಟ್ಟೆಯನ್ನ ಚೆನ್ನಾಗಿ ಬೆಳ್ಳಗಾಗಲಿ ಅಂತ ರಾತ್ರಿಯೆಲ್ಲಾ ಸೋಪಿನ ಪುಡಿಯಲ್ಲಿ ನೆನೆಸ್ತಿದ್ದಳು. ಬೇಗ ಹಳದಿಯಾಗೋದಕ್ಕೆ ಅದೇ ಕಾರಣ.

ಹಾಗಾದರೆ ಪಂಚೆ ಉಳಿಸೋದು ಹೇಗೆ? ತುಕ್ಕು ಉಜ್ಜಿದರೆ ಹೋಗಲ್ಲ, ಅದನ್ನ ಮತ್ತೆ ಕರಗಿಸಬೇಕು. ಅದಕ್ಕೆ ಹುಳಿ ಬೇಕು. ಅಜ್ಜಿ ಕಾಲದಲ್ಲಿ ನಿಂಬೆಹಣ್ಣು, ಹುಣಸೆಹಣ್ಣು ಇದ್ದವು. ಭಾವ ಹೇಳಿದ್ದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ದಿನಸಿ ಅಂಗಡಿಯಲ್ಲಿ ಸಕ್ಕರೆ ಹರಳಿನ ಹಾಗೆ ಪೊಟ್ಟಣದಲ್ಲಿ ಸಿಗುತ್ತೆ. ಅದು ತುಕ್ಕಿನ ಕಬ್ಬಿಣವನ್ನ ಹಿಡಿದುಕೊಂಡು ನೀರಿಗೆ ಇಳಿಸುತ್ತೆ, ಮತ್ತೆ ಬಟ್ಟೆಗೆ ಕೂರೋಕೆ ಬಿಡಲ್ಲ.

ಆದರೆ ಹುಳಿ ಹಾಕೋ ಮೊದಲು ಭಾವ ನನ್ನ ಕೈ ಹಿಡಿದು ನಿಲ್ಲಿಸಿದರು. “ಬ್ಲೀಚ್ ಉಳಿದಿರೋ ಬಟ್ಟೆಗೆ ಆಸಿಡ್ ಹಾಕಿದರೆ ಕ್ಲೋರಿನ್ ಗ್ಯಾಸ್ ಬರುತ್ತೆ. ಯಾವ ಆಸಿಡ್ ಆದರೂ ಅಷ್ಟೇ, ನಿಂಬೆ ಉಪ್ಪು ಆದರೂ ಅಷ್ಟೇ.” ಅಮ್ಮನ ಎದೆಗೆ ಅದೊಂದು ಬಾಕಿ ಇತ್ತು! ಪಂಚೆಗಳನ್ನ ಬಾವಿಯ ನೀರಲ್ಲಿ, ಅಂಗಳದಲ್ಲಿ, ಬ್ಲೀಚಿನ ವಾಸನೆ ಪೂರ್ತಿ ಹೋಗೋ ತನಕ ಮೂರು ನಾಲ್ಕು ಸಲ ಜಾಲಿಸಿ, ಒಂದು ದಿನ ಒಣಗಿಸಿದೆವು. ಮಾರನೇ ದಿನ ಐದು ಲೀಟರ್ ಬೆಚ್ಚಗಿನ ಬಾವಿ ನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು ಕರಗಿಸಿ, ಎರಡೆರಡೇ ಪಂಚೆ ಹಾಕಿದೆವು. ಪ್ಲಾಸ್ಟಿಕ್ ಬಕೆಟ್ಟಲ್ಲೇ ಮಾಡಬೇಕು, ತಗಡಿನದ್ದಾದರೆ ಹುಳಿ ಅದನ್ನೇ ತಿನ್ನುತ್ತೆ. ಸೋಪು ಸೇರಿಸಬಾರದು, ಸೋಪಿನ ಸೋಡಾ ಹುಳಿಯನ್ನ ಕೊಂದುಬಿಡುತ್ತೆ. ಒಂದು ಗಂಟೆಗೆ ನೀರು ನಸು ಹಳದಿಯಾಯಿತು, ಗೆರೆಗಳು ಮಸುಕಾದವು. ಎರಡನೇ ಸಲ ರಾತ್ರಿಯಿಡೀ ನೆನೆಸಿದ ಮೇಲೆ ಆರು ಪಂಚೆ ಸರಿಹೋದವು. ಒಂದರಲ್ಲಿ ಮಡಿಕೆಯ ಗುರುತು ಉಳಿಯಿತು. ಇನ್ನೊಂದಕ್ಕೆ ಜರಿ ಅಂಚು ಇತ್ತು, ಹುಳಿಗೆ ಜರಿ ಕಪ್ಪಾಗಬಹುದು ಅಂತ ಅದನ್ನ ಮುಟ್ಟಲೇ ಇಲ್ಲ.

ಟೈಲ್ಸಿಗೂ ಅದೇ ಮದ್ದು, ಸ್ವಲ್ಪ ಗಟ್ಟಿಯಾಗಿ. ಅರ್ಧ ಲೀಟರ್ ಬಿಸಿ ನೀರಿಗೆ ಎರಡು ದೊಡ್ಡ ಚಮಚ. ಗೋಡೆಗೆ ಸುರಿದರೆ ಇಳಿದುಹೋಗುತ್ತೆ, ಅದಕ್ಕೆ ಹಳೇ ಬಟ್ಟೆ ಚೂರನ್ನ ಅದ್ದಿ ಕಲೆಯ ಮೇಲೆ ಅಂಟಿಸಿಬಿಡಬೇಕು. ಅರ್ಧ ಗಂಟೆ ಬಿಟ್ಟು ಪ್ಲಾಸ್ಟಿಕ್ ಬ್ರಶ್ಶಲ್ಲಿ ಮೆಲ್ಲಗೆ ಉಜ್ಜಿ ತೊಳೆದರೆ ಸಾಕು. ಹೊಗೆ ಇಲ್ಲ, ಘಾಟು ಇಲ್ಲ. ಟೈಲ್ಸಿನ ಸಂದಿಯ ಸಿಮೆಂಟನ್ನ ಯಾವ ಹುಳಿಯಾದರೂ ತಿನ್ನುತ್ತೆ, ಹಾಗಾಗಿ ಅರ್ಧ ಗಂಟೆಗಿಂತ ಹೆಚ್ಚು ಬಿಡಬಾರದು. ನಮ್ಮ ಬಚ್ಚಲ ನೆಲ ಕಡಪ ಕಲ್ಲಿಂದು. ಅದು ಸುಣ್ಣದ ಕಲ್ಲು, ಹುಳಿ ಬಿದ್ದರೆ ಹೊಳಪು ಹೋಗಿ ಬೆಳ್ಳಗಾಗುತ್ತೆ. ಅಮ್ಮನ ಆಸಿಡ್ ಆಗಲೇ ಅಲ್ಲಲ್ಲಿ ಆ ಕೆಲಸ ಮಾಡಿತ್ತು. ಮಾರ್ಬಲ್ ಇರೋರಿಗೂ ಇದೇ ಮಾತು.

ಬಕೆಟ್ಟಿನದ್ದು ಇನ್ನೊಂದು ಕಥೆ. ಅಮ್ಮ ಸ್ಟೀಲಿನ ಸ್ಕ್ರಬ್ಬರಲ್ಲಿ ತಿಕ್ಕಿ ತಿಕ್ಕಿ ಪ್ಲಾಸ್ಟಿಕ್ಕಿನ ಮೈಯೆಲ್ಲಾ ಗೀರು ಮಾಡಿದ್ದಳು. ಪ್ರತಿ ಗೀರೂ ಮುಂದಿನ ತುಕ್ಕಿಗೆ ಮನೆ. ಹೊಸ ಬಕೆಟ್ಟಿಗಿಂತ ಹಳೇದು ಬೇಗ ಕಂದಾಗೋದು ಅದಕ್ಕೇ. ಹೊಸದು ತಂದು, ಸ್ಕ್ರಬ್ಬರನ್ನ ಬಚ್ಚಲಿಂದ ಗಡೀಪಾರು ಮಾಡಿದೆವು.

ಇಷ್ಟೆಲ್ಲಾ ಮಾಡಿ ಬೆಂಗಳೂರಿಗೆ ಬಂದೆ. ಹತ್ತು ದಿನಕ್ಕೆ ಅಮ್ಮನ ಫೋನು: “ಕಲೆ ವಾಪಸ್ ಬಂತು.” ಬರದೇ ಏನು? ನೀರು ಅದೇ ಅಲ್ವಾ. ಬಚ್ಚಲಲ್ಲಿ ಆಗ್ತಿರೋ ಕೆಲಸವನ್ನ, ಅಂದರೆ ಕಬ್ಬಿಣಕ್ಕೆ ಗಾಳಿ ತಾಗಿ ಅದು ಕೆಳಗೆ ಬೀಳೋದನ್ನ, ಬಚ್ಚಲಿಗೆ ಬರೋ ಮೊದಲೇ ಎಲ್ಲಾದರೂ ಮಾಡಿ ಮುಗಿಸಬೇಕಿತ್ತು.

ಮೊದಲು ಎಷ್ಟು ಕಬ್ಬಿಣ ಇದೆ ಅಂತ ಗೊತ್ತಾಗಬೇಕು. ಅಪ್ಪ ತಾಲ್ಲೂಕಿನ ನೀರು ಪರೀಕ್ಷೆಯ ಲ್ಯಾಬಿಗೆ ಹೋದರು. ಅವರು ಕೊಟ್ಟ ಬಾಟಲಿಯಲ್ಲಿ ನಾಲ್ಕು ಹನಿ ಆಸಿಡ್ ಇತ್ತು. ಅಪ್ಪ ಅದನ್ನ ಕೊಳೆ ಅಂದ್ಕೊಂಡು ತೊಳೆಯೋಕೆ ಹೊರಟಿದ್ದರಂತೆ! ಆ ಆಸಿಡ್ ಇಲ್ಲದಿದ್ದರೆ ಕಬ್ಬಿಣ ದಾರಿಯಲ್ಲೇ ತುಕ್ಕಾಗಿ ಬಾಟಲಿಯ ಗೋಡೆಗೆ ಅಂಟುತ್ತೆ, ಲ್ಯಾಬಲ್ಲಿ ಲೆಕ್ಕ ಕಡಿಮೆ ಬರುತ್ತೆ. ನಮ್ಮದು ಲೀಟರಿಗೆ 2.4 ಮಿಲಿಗ್ರಾಂ ಬಂತು. ಪಂಪಿನ ಹತ್ತಿರವೇ ನೋಡಿದ ಪಿಎಚ್ 6.6, ಅಂದರೆ ನೀರು ಒಂಚೂರು ಹುಳಿ ಕಡೆಗೆ. 0.3 ಮಿಲಿಗ್ರಾಂ ದಾಟಿದರೆ ಬಟ್ಟೆ ಮತ್ತು ಪಾತ್ರೆಗೆ ಕಲೆ ಹಿಡಿಯೋಕೆ ಶುರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತೆ. ನಮ್ಮದು ಅದರ ಎಂಟು ಪಟ್ಟು.

2.4 ಮಿಲಿಗ್ರಾಂ ಅಂದರೆ ಚಿಟಿಕೆಯೂ ಅಲ್ಲ ಅನ್ನಿಸುತ್ತೆ. ಲೆಕ್ಕ ಹಾಕಿ ನೋಡಿ. ದನಕರು ಸೇರಿ ನಮ್ಮನೆಗೆ ದಿನಕ್ಕೆ 500 ಲೀಟರ್ ಬೇಕು. ಅದರಲ್ಲಿ 1.2 ಗ್ರಾಂ ಕಬ್ಬಿಣ. ಅದು ನೀರು, ಗಾಳಿ ಸೇರಿಸಿಕೊಂಡು ತುಕ್ಕಾದಾಗ ತೂಕ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತೆ. ವರ್ಷಕ್ಕೆ 800 ಗ್ರಾಮಿಗಿಂತ ಹೆಚ್ಚು ತುಕ್ಕು ನಮ್ಮ ನಲ್ಲಿಗಳಿಂದ ಇಳಿದು ಬರ್ತಿತ್ತು. ಅಮ್ಮ ಒಬ್ಬಳೇ ಬ್ರಶ್ ಹಿಡ್ಕೊಂಡು ಅದರ ಜೊತೆ ಗುದ್ದಾಡ್ತಿದ್ದಳು.

ಅದರ ಜೊತೆ ಪಿಎಚ್ ಯಾಕೆ ಬೇಕು ಅಂದರೆ, ನೀರು ಹುಳಿಯಾದಷ್ಟೂ ಕಬ್ಬಿಣ ತುಕ್ಕಾಗೋದು ನಿಧಾನ. ಪಿಎಚ್ ಒಂದು ಅಂಕ ಏರಿದರೆ ವೇಗ ಸುಮಾರು ನೂರು ಪಟ್ಟು ಹೆಚ್ಚುತ್ತೆ. ನಮ್ಮ ನೀರಿನ ಹುಳಿಗೆ ಬಹುಪಾಲು ಕಾರಣ ಅದರಲ್ಲಿ ಕರಗಿರೋ ಕಾರ್ಬನ್ ಡೈಆಕ್ಸೈಡ್, ಸೋಡಾ ಬಾಟಲಿಯಲ್ಲಿ ಇರುತ್ತಲ್ಲ, ಅದೇ. ನೀರನ್ನ ತುಂತುರು ಮಾಡಿ ಬೀಳಿಸಿದರೆ ಅದು ಹಾರಿಹೋಗುತ್ತೆ, ಪಿಎಚ್ ಏರುತ್ತೆ, ಜೊತೆಗೆ ಗಾಳಿಯೂ ಒಳಗೆ ಸೇರುತ್ತೆ. ಒಂದೇ ಕೆಲಸಕ್ಕೆ ಎರಡು ಲಾಭ.

ಸಂಕ್ರಾಂತಿ ರಜೆಗೆ ಹೋದಾಗ ಪ್ಲಂಬರನ್ನ ಕರೆಸಿದೆವು. ಹಳೇ ಟ್ಯಾಂಕಿನ ಮುಚ್ಚಳ ತೆಗೆದರೆ ಒಳಗೋಡೆಗೆಲ್ಲಾ ಕಿತ್ತಳೆ ಬಣ್ಣದ ಲೋಳೆ. ಅದು ಬರೀ ತುಕ್ಕಲ್ಲ, ಕಬ್ಬಿಣ ತಿಂದು ಬದುಕೋ ಬ್ಯಾಕ್ಟೀರಿಯಾ ಕಟ್ಟಿಕೊಂಡಿದ್ದ ಮನೆ. ತೊಂದರೆ ಕೊಡೋ ಜೀವಿ ಅಲ್ಲ, ಆದರೆ ಆ ಲೋಳೆ ಕಳಚಿ ಬಂದಾಗ ನಲ್ಲಿಯಲ್ಲಿ ಕಂದು ಚೂರುಗಳು ಬೀಳ್ತವೆ. ಟ್ಯಾಂಕ್ ಖಾಲಿ ಮಾಡಿ, ಉಜ್ಜಿ ತೊಳೆದು, ಬ್ಲೀಚಿಂಗ್ ಪೌಡರ್ ನೀರಲ್ಲಿ ಒಂದು ರಾತ್ರಿ ಬಿಟ್ಟು, ಮತ್ತೆ ಚೆಲ್ಲಿದೆವು. “ಈಗ ಸರಿಯಾದ ಜಾಗಕ್ಕೆ ಹಾಕಿದೆ ನೋಡು ನಿನ್ನ ಬ್ಲೀಚು” ಅಂದರು ಅಪ್ಪ. ಮೂರು ತಿಂಗಳಾದ ಮೇಲೆ ಪಂಚೆ ಬಗ್ಗೆ ಅವರಾಡಿದ ಮೊದಲ ಮಾತು ಅದು.

ಹಳೇ ಟ್ಯಾಂಕ್ ಬಚ್ಚಲ ಚಾವಣಿ ಮೇಲಿತ್ತು. ಅದಕ್ಕಿಂತ ಎತ್ತರದಲ್ಲಿ, ಮೆಟ್ಟಿಲಿನ ಮೇಲಿನ ಚಾವಣಿಯಲ್ಲಿ, ಕೆಳಗೆ ಗೋಡೆ ಇರೋ ಕಡೆ ನೋಡಿ 750 ಲೀಟರಿನ ಇನ್ನೊಂದು ಟ್ಯಾಂಕ್ ಇಟ್ಟೆವು. ಅದರ ಬಾಯಿಯ ಮೇಲೆ ತರಕಾರಿ ಮಾರೋರು ಇಟ್ಕೊಳ್ಳೋ ಥರದ ಪ್ಲಾಸ್ಟಿಕ್ ಕ್ರೇಟ್, ಅದರಲ್ಲಿ ತೊಳೆದ ಜಲ್ಲಿ. ಕ್ರೇಟಿನ ಮೇಲೆ ಮೂರು ಮಿಲಿಮೀಟರ್ ತೂತುಗಳನ್ನ ಕೊರೆದ ಪಿವಿಸಿ ಪೈಪು. ಬೋರಿನ ನೀರು ಆ ತೂತುಗಳಿಂದ ಮಳೆ ಹಾಗೆ ಜಲ್ಲಿಯ ಮೇಲೆ ಬಿದ್ದು, ತೊಟ್ಟಿಕ್ಕಿ ಟ್ಯಾಂಕಿಗೆ ಇಳಿಯೋದು. ಸಂಜೆ ಆರಕ್ಕೆ ತುಂಬಿಸೋದು, ರಾತ್ರಿಯೆಲ್ಲಾ ಸುಮ್ಮನೆ ಬಿಡೋದು, ಬೆಳಗ್ಗೆ ಆರಕ್ಕೆ ವಾಲ್ವ್ ತೆಗೆದು ಕೆಳಗಿನ ಹಳೇ ಟ್ಯಾಂಕಿಗೆ ಇಳಿಸೋದು. ಇದು ಪ್ಲಾನು.

ಮೊದಲ ವಾರ ಪ್ಲಾನು ಕೆಟ್ಟಿತು. ಬೆಳಗ್ಗೆ ನಲ್ಲಿ ತಿರುಗಿಸಿದರೆ ಮೊದಲಿಗಿಂತ ಕಂದು ನೀರು! ಅಮ್ಮ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು. ಆಗಿದ್ದೇನು ಅಂದರೆ, ಹೊಸ ಟ್ಯಾಂಕಿನ ಹೊರದಾರಿ ತಳದಲ್ಲೇ ಇತ್ತು. ರಾತ್ರಿಯಿಡೀ ಕೂತ ಗಷ್ಟೆಲ್ಲಾ ವಾಲ್ವ್ ತೆಗೆದ ಕೂಡಲೇ ಮೊದಲು ಹೊರಗೆ ಬರ್ತಿತ್ತು. ಪ್ಲಂಬರ್ ತಳದಿಂದ ಎಂಟು ಇಂಚು ಮೇಲೆ ಹೊಸ ತೂತು ಕೊರೆದು ಹೊರದಾರಿ ಮಾಡಿಕೊಟ್ಟ. ತಳದ ಹಳೇ ತೂತಿಗೆ ಬೇರೆ ವಾಲ್ವ್ ಹಾಕಿ, ಗಷ್ಟು ಹೊರಗೆ ಬಿಡೋಕೆ ಇಟ್ಟುಕೊಂಡೆವು. ಇನ್ನೊಂದು ತೊಂದರೆ ಕ್ರೇಟಿಂದು. ಒಂದೇ ಕ್ರೇಟು ಸಾಲಲಿಲ್ಲ. ಮೂರನ್ನ ಒಂದರ ಮೇಲೊಂದು, ನಡುವೆ ಒಂದು ಗೇಣು ಗಾಳಿಯಾಡೋ ಜಾಗ ಬಿಟ್ಟು ಜೋಡಿಸಿದ ಮೇಲೆ ನೀರಿನ ಪಿಎಚ್ 7ರ ಮೇಲೆ ಹೋಯಿತು. ಕ್ರೇಟುಗಳ ಸುತ್ತ ಸೊಳ್ಳೆ ಪರದೆ ಸುತ್ತಿದೆವು. ಇಲ್ಲದಿದ್ದರೆ ಟ್ಯಾಂಕು ಸೊಳ್ಳೆಗೆ ಹೆರಿಗೆ ಆಸ್ಪತ್ರೆ ಆಗುತ್ತೆ. ಮೇಲೆ ಒಂದು ತಗಡು ಮುಚ್ಚಿದೆವು, ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತೆ. ಎಲ್ಲಾ ಸೇರಿ ಖರ್ಚು ಹನ್ನೊಂದು ಸಾವಿರದ ಚಿಲ್ಲರೆ.

ಒಂದು ತಿಂಗಳ ಮೇಲೆ ಅಪ್ಪ ಮತ್ತೆ ಲ್ಯಾಬಿಗೆ ಹೋದರು, ಈ ಸಲ ಬಚ್ಚಲ ನಲ್ಲಿಯ ನೀರು ತಗೊಂಡು. 0.7 ಬಂತು. 0.3ಕ್ಕೆ ಇಳಿಯಲಿಲ್ಲ ನೋಡಿ. ತುಂಬಾ ಸಣ್ಣ ತುಕ್ಕಿನ ಕಣಗಳು ಒಂದು ರಾತ್ರಿಯಲ್ಲಿ ತಳ ಸೇರಲ್ಲ, ನೀರಲ್ಲೇ ತೇಲ್ತಿರ್ತವೆ. ಅವನ್ನ ಹಿಡಿಯೋಕೆ ಮರಳಿನ ಫಿಲ್ಟರ್ ಬೇಕು. ಆ ಮರಳಿಗೆ ಉಲ್ಟಾ ನೀರು ಬಿಟ್ಟು ಆಗಾಗ ತೊಳೆಯಬೇಕು. ಎಪ್ಪತ್ತರ ಅಪ್ಪನಿಗೆ ಇನ್ನೊಂದು ಕೆಲಸ ಬೇಡ ಅಂತ ಅಲ್ಲಿಗೇ ನಿಲ್ಲಿಸಿದೆವು. ನಡುವೆ ಒಬ್ಬರು ಬಂದು ವಾಟರ್ ಸಾಫ್ಟನರ್ ಹಾಕಿಸಿ ಅಂದಿದ್ದರು. ಸಾಫ್ಟನರ್ ಇರೋದು ಗಡಸು ನೀರಿಗೆ, ಬಿಳಿ ಪುಡಿ ಕಟ್ಟೋ ನೀರಿಗೆ. ತುಕ್ಕಾದ ಕಬ್ಬಿಣ ಅದರೊಳಗಿನ ಮಣಿಗಳಿಗೆ ಮೆತ್ತಿಕೊಂಡು ಅದನ್ನೇ ಕೆಡಿಸುತ್ತೆ.

ಹಾಗಾಗಿ ಕಲೆ ನಿಂತಿಲ್ಲ, ತಡವಾಗಿದೆ. ಮೊದಲು ಉಜ್ಜಿ ನಾಲ್ಕೈದು ದಿನಕ್ಕೆ ಕಾಣಿಸ್ತಿದ್ದ ನಾಮ ಈಗ ಹೆಚ್ಚುಕಮ್ಮಿ ತಿಂಗಳಿಗೆ ಕಾಣಿಸುತ್ತೆ. ಅದರಲ್ಲಿ ಅರ್ಧ ಪಾಲು ಟ್ಯಾಂಕಿಂದಾದರೆ ಅರ್ಧ ಪಾಲು ಎರಡು ಸಣ್ಣ ವಿಷಯದ್ದು. ತೊಟ್ಟಿಕ್ಕೋ ನಲ್ಲಿಯ ವಾಷರ್ ಬದಲಾಯಿಸಿದ್ದು ಒಂದು. ಆ ನಲ್ಲಿಯ ಪ್ರತಿ ಹನಿಯೂ ಒಂದೇ ಜಾಗಕ್ಕೆ ಬಿದ್ದು ಒಣಗಿ ಪದರ ಪದರವಾಗಿ ನಾಮ ಬರೀತಿತ್ತು. ಸ್ನಾನ ಆದ ಮೇಲೆ ಗೋಡೆಗೂ ನೆಲಕ್ಕೂ ಒಮ್ಮೆ ವೈಪರ್ ಎಳೆಯೋದು ಇನ್ನೊಂದು. ನೀರು ಒಣಗೋ ಮೊದಲೇ ಹೋದರೆ ಅದರಲ್ಲಿರೋ ಕಬ್ಬಿಣವೂ ಅದರ ಜೊತೆ ಹೋಗುತ್ತೆ. ಬಿಳಿ ಬಟ್ಟೆಗೆ ಅಮ್ಮ ಬೇರೆಯೇ ದಾರಿ ಮಾಡಿಕೊಂಡಿದ್ದಾಳೆ. ಮಳೆಗಾಲದ ನಾಲ್ಕು ತಿಂಗಳು ಸೂರಿನ ನೀರು, ಮಿಕ್ಕ ದಿನ ಬಾವಿಯದ್ದು, ಬಾವಿ ಇಳಿದಾಗ ಮಾತ್ರ ಟ್ಯಾಂಕಿನ ನೀರು. ಆಗಲೂ ರಾತ್ರಿಯಿಡೀ ನೆನೆಸೋದಿಲ್ಲ. ಕೊನೆಯ ಜಾಲಿಸೋ ನೀರಿಗೆ ಅರ್ಧ ಚಮಚ ನಿಂಬೆ ಉಪ್ಪು ಹಾಕ್ತಾಳೆ.

ಇದೆಲ್ಲಾ ಊರ ಕಥೆ, ನಮಗೇನು ಅಂತ ಬಾಡಿಗೆ ಫ್ಲ್ಯಾಟಲ್ಲಿ ಕೂತು ಓದ್ತಿದ್ದೀರಾ? ನಿಮ್ಮ ಬಾತ್ರೂಮಿನ ಟೈಲ್ಸ್ ಕಂದಾಗಿದ್ದರೆ ಭಾವನ ಬಾಟಲಿ ಪರೀಕ್ಷೆ ಮಾಡಿ ನೋಡಿ. ಹಿಡಿದಾಗ ತಿಳಿ ಇದ್ದು ಆಮೇಲೆ ಕಂದಾದರೆ ಕರಗಿದ ಕಬ್ಬಿಣ. ಬೆಳಗಿನ ಮೊದಲ ನೀರು ಮಾತ್ರ ಕಂದು, ಐದು ನಿಮಿಷ ಬಿಟ್ಟರೆ ತಿಳಿಯಾಗಿ, ಆಮೇಲೆ ಬಾಟಲಿಯಲ್ಲೂ ತಿಳಿಯಾಗೇ ಉಳಿದರೆ, ಅದು ಬೋರಿನ ತಪ್ಪಲ್ಲ, ಕಟ್ಟಡದ ಹಳೇ ಕಬ್ಬಿಣದ ಪೈಪಿಂದು. ಅದಕ್ಕೆ ಟ್ಯಾಂಕಲ್ಲಿ ಎಷ್ಟು ಗಾಳಿಯಾಡಿಸಿದರೂ ಉಪಯೋಗ ಇಲ್ಲ, ಪೈಪೇ ಬದಲಾಗಬೇಕು. ಓನರ್ ಹತ್ತಿರ ಮಾತಾಡೋಕೆ ಹೋಗುವಾಗ ಆ ಎರಡು ಬಾಟಲಿ ಕೈಯಲ್ಲಿದ್ದರೆ, ಮನೆ ಖಾಲಿ ಮಾಡೋ ದಿನ ಕ್ಲೀನಿಂಗ್ ಅಂತ ಅಡ್ವಾನ್ಸಿನಲ್ಲಿ ಹಿಡ್ಕೊಳ್ಳೋ ಮಾತು ಬಂದಾಗ ನಿಮಗೂ ಹೇಳೋಕೆ ಏನಾದರೂ ಇರುತ್ತೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಭಾನುವಾರ ಬೆಳಗ್ಗೆ ಅಪ್ಪ ತಳದ ವಾಲ್ವ್ ತಿರುಗಿಸಿ ವಾರದ ಗಷ್ಟು ಬಿಡ್ತಿದ್ದರು. ಕುಂಕುಮ ಕದಡಿದ ಹಾಗೆ ಅರ್ಧ ಬಕೆಟ್ ಕೆಂಪು ನೀರು ಬಂತು. ಅದನ್ನ ಅಡಿಕೆ ಮರದ ಬುಡಕ್ಕೆ ಸುರಿದು, ಕೈ ತೊಳೆದು, ಪೇಟೆಗೆ ಹೊರಟರು. ಉಟ್ಟಿದ್ದು ಮಡಿಕೆಯ ಗುರುತು ಉಳಿದಿತ್ತಲ್ಲ, ಆ ಪಂಚೆ. ಗೆರೆ ಒಳಗೆ ಬರೋ ಹಾಗೆ ನಿರಿಗೆ ಹಿಡಿದಿದ್ದರು. ಮಧ್ಯಾಹ್ನ ಊಟಕ್ಕೆ ಬಂದ ಸೋದರತ್ತೆ ಕೈಕಾಲು ತೊಳೆಯೋಕೆ ಬಚ್ಚಲಿಗೆ ಹೋದಳು. ಅಮ್ಮ ಅಡಿಗೆಮನೆಯಲ್ಲಿ ಹಪ್ಪಳ ಕರೀತಿದ್ದಳು, ಹಿಂದಿನಿಂದ ಏನೂ ಕೂಗಲಿಲ್ಲ.